ಅಭ್ಯರ್ಥಿಗೆ ಬಿಟ್ಟ ಹತ್ತು ನಿಮಿಷ

ನಲವತ್ತೈದು ನಿಮಿಷ ಅಂದರೆ ನಲವತ್ತೈದೇ ನಿಮಿಷ. ಇದನ್ನು ನಮ್ಮ ಪ್ರೊಡಕ್ಷನ್ ಮ್ಯಾನೇಜರ್‌ಗೆ ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳಿದಾಗಲೆಲ್ಲ ತಲೆಯಾಡಿಸುತ್ತಾರೆ. ತಲೆಯಾಡಿಸಿ, ಒಳಗೆ ಬಂದು ಕೂತ ಅಭ್ಯರ್ಥಿಯನ್ನು ನೋಡಿ, "ಯಾವೂರಪ್ಪಾ ನಿಮ್ದು? ಯಾರ ಪೈಕಿ?" ಎಂದು ಶುರು ಹಚ್ಚಿಕೊಳ್ಳುತ್ತಾರೆ. ಅಲ್ಲಿಗೆ ನನ್ನ ಗಡಿಯಾರದ ಕಥೆ ಮುಗಿಯಿತು.

ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದವಳು. ಗಾಡಿಗಳಿಗೆ ಪ್ಲಾಸ್ಟಿಕ್ ಬಿಡಿಭಾಗ ಮಾಡುವ ಜಾಗ. ರಾಮನಗರದಿಂದ ದಿನಾ ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಆ ವರ್ಷ ನಮಗೆ ಬೇಕಾಗಿದ್ದದ್ದು ಕ್ವಾಲಿಟಿ ಇನ್‌ಸ್ಪೆಕ್ಟರ್. ತಯಾರಾದ ಮಾಲನ್ನು ನೋಡಿ, ಸರಿಯಿದ್ದರೆ ಪಾಸ್ ಎಂದು ಸಹಿ ಹಾಕುವ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವ ಕೆಲಸ. ಒಂದೇ ವರ್ಷದಲ್ಲಿ ಮೂವರು ಬಿಟ್ಟು ಹೋಗಿದ್ದರು. ನಾಲ್ಕನೆಯವರನ್ನು ಹುಡುಕಲು ಒಂದೇ ದಿನ ನಾಲ್ಕು ಸಂದರ್ಶನ ಇಟ್ಟುಕೊಂಡಿದ್ದೆವು. ಕೇಳುವವರು ಇಬ್ಬರು, ನಾನು ಮತ್ತು ಈ ಮಹಾನುಭಾವರು.

ನನ್ನ ಪಟ್ಟಿ ಸರಳವಾಗಿತ್ತು. ಮೊದಲ ಐದು ನಿಮಿಷ ಪರಿಚಯ, ಕೆಲಸ ಏನೆಂದು ಹೇಳುವುದು. ಆಮೇಲೆ ಇಪ್ಪತ್ತೈದು ನಿಮಿಷದಲ್ಲಿ ಐದು ಪ್ರಶ್ನೆ, ನಾಲ್ವರಿಗೂ ಅವೇ ಐದು. ನಂತರ ಹತ್ತು ನಿಮಿಷ ಅಭ್ಯರ್ಥಿ ನಮ್ಮನ್ನು ಕೇಳಲು. ಉಳಿದ ಐದರಲ್ಲಿ ಫಲಿತಾಂಶ ಯಾವತ್ತು ತಿಳಿಸುತ್ತೇವೆ ಎಂದು ಹೇಳಿ ಕಳಿಸುವುದು. ಮುಂದಿನವರು ಬರುವ ಮೊದಲು ಕಾಲು ಗಂಟೆ ಬಿಡುವು. ಅದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತುಟಿ ಬಿಚ್ಚದೆ ನಮ್ಮ ನಮ್ಮ ಅಂಕ ಬರೆಯಬೇಕು, ಮಾತು ಆಮೇಲೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಟ್ಟಿದ್ದೆ. ಆ ಹಾಳೆಯ ಮೇಲೆ ಚಹಾ ಲೋಟ ಇಟ್ಟುಕೊಂಡರು.

ಮೊದಲನೆಯವನು ಮಾಗಡಿ ಕಡೆಯವನು. ಇವರೂ ಮಾಗಡಿ ಕಡೆಯವರೇ. ಇನ್ನು ಕೇಳಬೇಕೆ! ಅವನ ಸೋದರಮಾವ, ಆ ಸೋದರಮಾವನ ಬೀಗರು, ಬೀಗರ ತೋಟದ ಪಕ್ಕದ ತೋಟ, ಎಲ್ಲ ಸುತ್ತಿಕೊಂಡು ಬರುವಷ್ಟರಲ್ಲಿ ಹನ್ನೆರಡು ನಿಮಿಷ ಖಲಾಸ್. "ಸಾರ್, ಪ್ರಶ್ನೆಗೆ ಬರೋಣ್ವಾ?" ಎಂದೆ. "ಬರಾನ ಇರಮ್ಮ, ಅದ್ಯಾಕೆ ಅಂಗೆ ಅವಸ್ರ ಮಾಡ್ತೀಯ" ಎಂದರು. ಕೊನೆಗೆ ನಮ್ಮ ಪ್ರಶ್ನೆಗಳಲ್ಲೇ ಒಂದನ್ನು ಕೈಬಿಟ್ಟೆ, ಅಭ್ಯರ್ಥಿಯ ಹತ್ತು ನಿಮಿಷವನ್ನು ಮುಟ್ಟಲಿಲ್ಲ. ಸಮಯ ಸಾಲದಿದ್ದರೆ ನಮ್ಮ ಪಾಲಿನಲ್ಲಿ ಕತ್ತರಿಸಬೇಕು, ಅವರ ಪಾಲಿನಲ್ಲಲ್ಲ ಎನ್ನುವುದು ನಾನು ಹಿಡಿದುಕೊಂಡ ನಿಯಮ. ಆ ನಿಯಮದ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯವನದು ಬೇರೆಯೇ ಪೀಕಲಾಟ. "ನೀವು ಹೇಳಿದ್ದು ಮರೀಬಾರದು ಅಂತ ಬರ್ಕೋತೀನಿ, ನೀವು ನಿಮ್ಮ ಪಾಡಿಗೆ ಮಾತಾಡಿ" ಎಂದು ಮೊದಲೇ ಹೇಳಿದ್ದೆ. ಅವನೋ ನನ್ನ ಪೆನ್ನು ಓಡುತ್ತಿದ್ದಂತೆ ಬಾಯಿ ಮುಚ್ಚುತ್ತಿದ್ದ. ಪೆನ್ನು ನಿಂತರೆ ಇನ್ನೊಂದು ವಾಕ್ಯ. ಮತ್ತೆ ಬರೆದರೆ ಮತ್ತೆ ಮೌನ. ತಾಲ್ಲೂಕು ಕಚೇರಿಯಲ್ಲಿ ಹೇಳಿಕೆ ಕೊಡುವವನ ಹಾಗೆ ಕೂತಿದ್ದ. "ಯಾಕಪ್ಪಾ ನಿಲ್ಲಿಸ್ತೀರ?" ಎಂದರೆ, "ನಿಧಾನಕ್ಕೆ ಬರ್ಕಳಿ ಮೇಡಂ, ನಂಗೇನು ಅರ್ಜೆಂಟಿಲ್ಲ" ಎಂದ. ಮರ್ಯಾದಸ್ಥ ಹುಡುಗ, ಬೈಯುವ ಹಾಗೂ ಇಲ್ಲ. ಅವತ್ತಿನಿಂದ ನಾನು ಪೂರ್ತಿ ವಾಕ್ಯ ಬರೆಯುವುದನ್ನು ಬಿಟ್ಟು, ಕಣ್ಣು ಅವರ ಮೇಲಿಟ್ಟು ನಾಲ್ಕೇ ಪದ ಗೀಚಿಕೊಳ್ಳುವುದು ಕಲಿತೆ. ಮುಖ್ಯ ಮಾತು ಬಂದರೆ ಮಾತ್ರ ಅವರದೇ ಪದಗಳಲ್ಲಿ ಬರೆದಿಡುತ್ತೇನೆ.

ಆ ಹತ್ತು ನಿಮಿಷ ಬಂದಾಗ ಮೊದಲ ಮೂವರೂ ಒಂದೇ ರಾಗ. "ನೀವೇನಾದ್ರೂ ಕೇಳೋದಿದ್ಯಾ?" "ಏನಿಲ್ಲ ಮೇಡಂ." "ಸಂಬಳ, ಪಾಳಿ, ಕೆಲಸ, ಏನು ಬೇಕಾದ್ರೂ ಕೇಳಿ." "ಏನಿಲ್ಲ ಮೇಡಂ, ನೀವು ಕೊಟ್ರೆ ಸಾಕು." ಕೆಲಸ ಕೇಳಿ ಬಂದವನು ಕೊಡುವವರನ್ನೇ ಪ್ರಶ್ನೆ ಮಾಡುವುದು ಅಧಿಕಪ್ರಸಂಗ ಎಂದು ನಮ್ಮ ಕಡೆ ಎಲ್ಲರ ತಲೆಯಲ್ಲೂ ಕೂತಿದೆ. ಖಾಲಿ ಬಿದ್ದ ಆ ನಿಮಿಷಗಳಿಗೆ ಮ್ಯಾನೇಜರ್ ನುಗ್ಗಿ, ತಾವು ಹೆಲ್ಪರ್ ಆಗಿ ಸೇರಿ ಮೇಲೆ ಬಂದ ಪುರಾಣ ಬಿಚ್ಚುತ್ತಿದ್ದರು. ಮೂರನೆಯವನು ಹೋದ ಮೇಲೆ ನನ್ನನ್ನು ರೇಗಿಸಿದರು: "ನಿನ್ನ ಹತ್ತು ನಿಮ್ಸಕ್ಕೆ ಗಿರಾಕಿನೇ ಇಲ್ವಲ್ಲಮ್ಮ! ತೆಗ್ದು ಬಿಸಾಕು ಅತ್ಲಾಗಿ." ಮೈಯೆಲ್ಲ ಉರಿದುಹೋಯಿತು.

ನಾಲ್ಕನೆಯವಳು ಎರಡು ಗಂಟೆಗೆ. ಕನಕಪುರದ ಆಚೆ ಹಳ್ಳಿಯವಳು, ಮೂವತ್ತರ ಆಸುಪಾಸು. ಮನೆಯಲ್ಲಿ ಒಂದಿಷ್ಟು ರಾಗಿ ಹೊಲ, ಕುರಿ. ಆರು ವರ್ಷ ಇಂಥದೇ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿದ್ದಳು, ಎಂಟು ತಿಂಗಳಿಂದ ಕೆಲಸವಿರಲಿಲ್ಲ. "ಈ ಸಲ ಒಂದ್ ಕಡೆ ನೆಟ್ಟಗೆ ನಿಂತ್ಕೋಬೇಕು ಮೇಡಂ, ಇನ್ನೊಂದ್ ಸಲ ಬುಟ್ರೆ ಮನೇಲಿ ಹೊಸ್ಲು ದಾಟಕ್ಕೆ ಬುಡಲ್ಲ" ಎಂದು ಪರಿಚಯದಲ್ಲೇ ಹೇಳಿದಳು. ಮ್ಯಾನೇಜರ್ ಊಟ ಮುಗಿಸಿ ಬರುವಾಗ ಎರಡೂ ಏಳಾಗಿತ್ತು. ನಾನು ಅವರಿಗೆ ಕಾಯದೆ ಶುರು ಮಾಡಿಬಿಟ್ಟಿದ್ದೆ. ಮುಖ ಊದಿಸಿಕೊಂಡು ಕೂತರು. ಕೂರಲಿ!

ನಾಲ್ಕನೆಯ ಪ್ರಶ್ನೆ, ಮೇಲಿನವರ ಮಾತನ್ನು ಒಪ್ಪದೆ ಇದ್ದ ಒಂದು ಸಂದರ್ಭ ಹೇಳಿ ಎನ್ನುವುದು. ಮೂವರು ಗಂಡಸರು "ಅಂಥದ್ದೇನೂ ಬಂದಿಲ್ಲ" ಎಂದು ತೇಲಿಸಿದ್ದರು. ಇವಳು ಹೇಳಿದಳು: "ಒಂದಿನ ಅಂಚು ಸೀಳಿರೋ ಮಾಲು ಬಂತು ಮೇಡಂ. ಲಾರಿ ನಿಂತೈತೆ, ಸೈನ್ ಹಾಕು ಅಂದ್ರು. ಹಾಕನಿಲ್ಲ. ಮುಂದಿನ ತಿಂಗ್ಳು ಕಾಂಟ್ರಾಕ್ಟು ಮುಗೀತು, ಬರಬ್ಯಾಡ ಅಂದ್ಬುಟ್ರು." ಅದನ್ನು ಅಕ್ಷರ ಬಿಡದೆ ಬರೆದುಕೊಂಡೆ. ಪಕ್ಕದಲ್ಲಿ ಮ್ಯಾನೇಜರ್ ಎರಡು ಸಲ ಕೆಮ್ಮಿದರು.

ಎರಡೂವರೆಗೆ ಸರಿಯಾಗಿ ಪ್ರಶ್ನೆ ಮುಗಿಸಿ, "ಇನ್ನು ಹತ್ತು ನಿಮಿಷ ನಿಮ್ಮದು" ಎಂದೆ. ಅವಳು ಬ್ಯಾಗಿನಿಂದ ಮಡಿಸಿದ ಚೀಟಿ ತೆಗೆದಳು. ಪ್ರಶ್ನೆ ಬರೆದುಕೊಂಡು ಬಂದಿದ್ದಳು! ನನಗೆ ಎದ್ದು ಕುಣಿಯೋಣ ಅನ್ನಿಸಿತು. ನೋಡಿ ಸ್ವಾಮಿ, ನನ್ನ ಗಿರಾಕಿ ಬಂದಳು ಎನ್ನುವ ಹಾಗೆ ಮ್ಯಾನೇಜರ್ ಕಡೆ ತಿರುಗಿದೆ. ಮೊದಲನೆಯದು ಕಂಪನಿ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು. ವಿವರವಾಗಿ ಹೇಳಿದೆ, ಮೂರು ನಿಮಿಷ ಆಯಿತು. ಎರಡನೆಯದನ್ನು ಚೀಟಿ ನೋಡದೆಯೇ ಕೇಳಿದಳು.

"ಈ ಜಾಗ್ದಲ್ಲಿ ಮುಂಚೆ ಇದ್ದೋರು ಯಾಕೆ ಬುಟ್ಟೋದ್ರು ಮೇಡಂ?"

ಯಾಕೆ ಬಿಟ್ಟರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟು ಹೋಗುವವರನ್ನು ಕೂರಿಸಿ ಕಾರಣ ಕೇಳಿ ಬರೆದಿಡುವವಳೂ ನಾನೇ. ಮೂವರೂ ಒಂದೇ ಮಾತು ಹೇಳಿದ್ದರು. ತಿಂಗಳ ಕೊನೆಯಲ್ಲಿ ಲೆಕ್ಕ ತುಂಬಿಸಲು ಕೆಂಪು ಚೀಟಿಯ ಮಾಲಿಗೂ ಸಹಿ ಹಾಕು ಎಂದು ಒತ್ತಾಯ, ಹಾಕದಿದ್ದರೆ ಎಲ್ಲರೆದುರು ಬೈಗುಳ. ಒತ್ತಾಯ ಮಾಡುತ್ತಿದ್ದವರು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು, ಟೇಬಲ್ ಮೇಲೆ ಬೆರಳು ಕುಟ್ಟುತ್ತಾ.

"ಏನೋ, ಅವರವರ ಪರ್ಸನಲ್ ಕಾರಣ" ಎಂದೆ.

"ಸರಿ ಮೇಡಂ" ಎಂದಳು. ಮುಖ ಹಗುರಾಯಿತು. ಚೀಟಿ ಮಡಿಸಿ ಒಳಗಿಟ್ಟಳು. ನಾನು ಶನಿವಾರದೊಳಗೆ ಫೋನ್ ಮಾಡುತ್ತೇವೆ ಎಂದು ಹೇಳಿ ಎದ್ದೆ. ಎರಡೂ ಮೂವತ್ತೈದು. ಹತ್ತು ನಿಮಿಷ ಮೊದಲೇ ಮುಗಿಸಿದ್ದೆ. ಒಂದೆರಡು ಮಾತಿನಲ್ಲಿ, ಹೆಸರೆತ್ತದೆಯೂ ನಿಜ ಹೇಳಬಹುದಿತ್ತು. ಮಾಲು ಪಾಸ್ ಮಾಡುವ ವಿಷಯದಲ್ಲಿ ಇಲ್ಲೂ ಜಗಳ ಇದೆ, ಯೋಚನೆ ಮಾಡಿ ಅಂದಿದ್ದರೆ ಸಾಕಿತ್ತು. ಬೆಳಗಿನಿಂದ ಅವರ ಹತ್ತು ನಿಮಿಷಕ್ಕಾಗಿ ಹಲ್ಲು ಕಚ್ಚಿ ಹೊಡೆದಾಡಿದ ನಾನು, ನಿಜವಾದ ಪ್ರಶ್ನೆ ಬಂದಾಗ ಬಾಲ ಮುದುರಿಕೊಂಡೆ. ಥೂ!

ಅಂಕ ಹೋಲಿಸುವಾಗ ಮ್ಯಾನೇಜರ್ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಎರಡೇ ಪದ: "ಬಾಯಿ ಜೋರು." ಅವಳು ಏನು ಹೇಳಿದಳು, ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಕೇಳಿದೆ. ಒಂದೂ ನೆನಪಿರಲಿಲ್ಲ. "ಏನೋ ಒಂದು, ನಂಗೆ ಹಿಡಿಸ್ನಿಲ್ಲ ಕಣಮ್ಮ" ಎಂದರು. ನಾನು ನಾಲ್ವರ ಉತ್ತರಗಳನ್ನೂ ನನ್ನ ಹಾಳೆಯಿಂದ ಓದಿದೆ. ವಿಷಯ ಮೇಲಿನ ಸಾಹೇಬರ ಬಳಿ ಹೋಯಿತು. ಅವರು ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿ, ಅವಳನ್ನೇ ತೆಗೆದುಕೊಳ್ಳಿ ಎಂದರು. ಗೆದ್ದೆ ಎಂದು ಬೀಗಿದೆ. ಅವಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇನೆ ಎಂದು ಆ ಕ್ಷಣ ಯೋಚಿಸಲಿಲ್ಲ.

ಶುಕ್ರವಾರ ಫೋನ್ ಮಾಡಿ, ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದೆ. ವಿಷಯ ಕೇಳಿ ಅವಳಿಗೆ ಮಾತು ನಿಲ್ಲಿಸಲಾರದಷ್ಟು ಖುಷಿ.

"ಒಳ್ಳೇದಾಯ್ತು ಮೇಡಂ! ಕನಕಪುರದ ಒಂದು ಗಾರ್ಮೆಂಟ್ಸ್‌ನೋರು ನಿನ್ನೆ ಬಂದು ಸೇರ್ಕೋ ಅಂದಿದ್ರು. ಸಂಬ್ಳ ಒಸಿ ಕಮ್ಮಿ. ನಿಮ್ ಹತ್ರ ಎಲ್ಲಾ ಕೇಳಿ ತಿಳ್ಕೊಂಡಿದ್ದೆ ನೋಡಿ, ಜಾಗ ಒಳ್ಳೇದು, ನಿಮ್ ಫೋನ್ ಬಂದೇ ಬತ್ತದೆ ಅಂತ ಧೈರ್ಯ ಬಂತು. ಅವರಿಗೆ ಬರಲ್ಲ ಅಂದ್ಬುಟ್ಟೆ. ಬೇರೇರ್ನ ತಗೊಂಡವ್ರೆ."

ನಾನು ಸುಮ್ಮನಿದ್ದರೆ ಸೋಮವಾರ ನಗುತ್ತಾ ಬರುತ್ತಾಳೆ. ಸುಮ್ಮನಿರಲು ಆಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಬಂದು ಎಲ್ಲವನ್ನೂ ಹೇಳಿದೆ. ಮೂವರು ಯಾಕೆ ಹೋದರು, ತಿಂಗಳ ಕೊನೆಯಲ್ಲಿ ಏನಾಗುತ್ತದೆ, ಯಾರು ಮಾಡಿಸುತ್ತಾರೆ, ಎಲ್ಲ. ಅವಳ ಹಿಂದೆ ಎಲ್ಲೋ ಕುರಿ ಅರಚುವುದು ಕೇಳುತ್ತಿತ್ತು.

"ನನ್ನ ಕ್ಷಮಿಸಿ. ನಿಮಗೆ ಬೇಡ ಅನ್ನಿಸಿದ್ರೆ..." ಎಂದೆ.

"ಬ್ಯಾಡ ಅಂದ್ರೆ ಎಲ್ಲಿಗ್ ಹೋಗ್ಲಿ ಮೇಡಂ ಈಗ? ಸೋಮವಾರ ಬತ್ತೀನಿ." ಆಮೇಲೆ, ಬೈಗುಳದ ದನಿಯಲ್ಲೂ ಅಲ್ಲ, ನಿಜವಾಗಿಯೂ ಅರ್ಥವಾಗದವಳ ಹಾಗೆ ಕೇಳಿದಳು: "ಅವತ್ತೇ ಹೇಳಬೋದಿತ್ತಲ್ಲ ಮೇಡಂ. ಟೈಮ್ ಇತ್ತಲ್ಲ?"