ಮುಂಬಲ್ಲುಗಳ ಒಳಬದಿ

ವಡಪಳನಿಯ ದಂತವೈದ್ಯೆ ಸುಮೇಧಾಳಿಗೆ, ಮಕ್ಕಳ ಬಾಯಿಯ ಮಾತನ್ನೂ ತಾವೇ ಆಡುವ ತಾಯಂದಿರನ್ನು ಕಂಡರೆ ಆಗುತ್ತಿರಲಿಲ್ಲ. ಹೋಟೆಲು ನಡೆಸುವ ರತ್ನಾವತಿ ಅಂಥವಳೇ; ಇವತ್ತು ಮಗಳು ಪ್ರಣಮ್ಯಾಳನ್ನು ಕರೆತಂದಿದ್ದಳು.

"ಹುಣಸೆಹುಳಿ ತಿಂದು ಹಲ್ಲು ಹಾಳುಮಾಡಿದ್ದಾಳೆ ಮಾರಾಯ್ರೆ. ಪೆರುಂಗುಡಿಯ ಕಂಪ್ಯೂಟರ್ ಹುಡುಗ ನೋಡ್ಲಿಕ್ಕೆ ಬರ್ತಾನೆ, ಹೊಳಪು ಬರ್ಬೇಕು. ಮೈ ಹೇಗೆ ಇಳಿಸಿದ್ದಾಳೆ ನೋಡಿ!"

ಸಂತೆಯಲ್ಲಿ ಎಮ್ಮೆಯ ಹಲ್ಲು ತೋರಿಸುವವನಿಗೂ ಇಷ್ಟು ಜಂಬವಿರಲಿಕ್ಕಿಲ್ಲ ಎಂದುಕೊಂಡಳು ಸುಮೇಧಾ. ಹುಳಿ ತಿಂದರೆ ಸಾಮಾನ್ಯವಾಗಿ ಹಲ್ಲಿನ ಹೊರಬದಿ ಸವೆಯುತ್ತದೆ. ಪ್ರಣಮ್ಯಾಳ ಮೇಲಿನ ಮುಂಬಲ್ಲುಗಳ ಒಳಬದಿ ನುಣ್ಣಗೆ ಕರಗಿತ್ತು, ಕಿವಿಯ ಕೆಳಗೆ ಕೆನ್ನೆ ಊದಿತ್ತು.

"ನಮ್ಮಲ್ಲಿ ದೊಡ್ಡವರನ್ನ ಒಬ್ಬೊಬ್ಬರನ್ನೇ ನೋಡೋದು. ನೀವು ಹೊರಗಿರಿ."

ರತ್ನಾವತಿ ಮೂತಿ ತಿರುವಿಕೊಂಡು ಹೋದಳು. ಸುಮೇಧಾ ದನಿ ತಗ್ಗಿಸಿದಳು.

"ಹೊಟ್ಟೆಯ ಆಮ್ಲ ಬಾಯಿಗೆ ಬಂದ್ರೆ ಹಲ್ಲು ಹೀಗಾಗುತ್ತಮ್ಮ. ಕೆಲವರಿಗೆ ಹುಳಿತೇಗು, ಕೆಲವರಿಗೆ ವಾಂತಿ. ನಿನಗೇನಾದ್ರೂ ಆಗುತ್ತಾ? ಬೈಯೋಕೆ ಕೇಳ್ತಿಲ್ಲ. ನೀನು ಒಪ್ಪದೆ ಅಮ್ಮನಿಗೂ ಹೇಳಲ್ಲ."

ಹುಡುಗಿ ಬೆರಳು ಹಿಸುಕಿಕೊಂಡಳು. "ಊಟ ಆದ್ಮೇಲೆ ನಾನೇ ಕಕ್ತೇನೆ ಡಾಕ್ಟರ್. ಆದ್ರೆ ಕೂಡಲೇ ಗಟ್ಟಿಯಾಗಿ ಬ್ರಶ್ ಮಾಡ್ತೇನೆ."

"ಆಗ ಉಜ್ಜಿದ್ರೆ ಇನ್ನೂ ಸವೆಯುತ್ತೆ. ಅಡುಗೆ ಸೋಡಾ ಹಾಕಿದ ನೀರಲ್ಲಿ ಮುಕ್ಕಳಿಸು. ಇದಕ್ಕೆ ಚಿಕಿತ್ಸೆ ಕೊಡೋ ಡಾಕ್ಟರ್ ಗೊತ್ತಿದ್ದಾರೆ, ಮಾತಾಡ್ಲಾ?"

ಅಷ್ಟರಲ್ಲಿ ರತ್ನಾವತಿ ಬಾಗಿಲು ತಳ್ಳಿದಳು. "ಹುಣಸೆಹುಳಿಯೇ ಅಲ್ವಾ?"

"ಅಲ್ಲಮ್ಮಾ," ಎಂದಳು ಪ್ರಣಮ್ಯಾ. "ನೀನು ಇನ್ನೂ ಸ್ವಲ್ಪ ಹೊರಗೇ ಕೂತ್ಕೋ."