ಕೊಳದ ತಳದ ನಾಲ್ಕು ಡಿಗ್ರಿ

ಮಗಳು ಕಾಶ್ಮೀರದ ಒಂದು ಮೀನು ಸಾಕಣೆ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಒಂದು ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ಅಡುಗೆಗೆ ಜನ ಬೇಕಲ್ಲ ಎಂದು ನಾನು ಭದ್ರಾವತಿಯ ಕಾಗದನಗರದ ಮನೆಯನ್ನು ನಮ್ಮ ಯಜಮಾನರಿಗೆ ಒಪ್ಪಿಸಿ, ಸೋಗಾನೆಯಲ್ಲಿ ಮೊದಲ ಸಲ ವಿಮಾನ ಹತ್ತಿದೆ. ಕೂತ ಸೀಟಿನಲ್ಲೇ ಕೈಮುಗಿದೆ.

ಮಗಳ ಕ್ವಾರ್ಟರ್ಸಿನ ಕಿಟಕಿಯ ಕೆಳಗೇ ಕೊಳ. ಅದರಲ್ಲಿ ಮರಿಯಿಂದ ಮೂರು ವರ್ಷ ಅವಳೇ ಸಾಕಿದ ಮೀನುಗಳು. ಬೇಸಿಗೆಯಲ್ಲಿ ಮೊದಲ ಸಲ ಮೊಟ್ಟೆ ಇಡಬೇಕಾದವು. ಅವು ಸತ್ತರೆ ಮತ್ತೆ ಮೂರು ವರ್ಷ.

ಅವಳು ಮಂಚದಲ್ಲಿದ್ದ ಕಾರಣ ನೀರಿನ ಬಿಸಿ ತೋರಿಸುವ ಮೀಟರು ನೋಡುವ ಕೆಲಸ ನನ್ನದಾಯಿತು. ಕೊಳದ ಮೇಲೆ ಕಟ್ಟಿದ್ದ ಮಂಜುಗಡ್ಡೆಯಲ್ಲಿ ದಡದ ಹತ್ತಿರ ಒಂದು ಕಿಂಡಿ ಇತ್ತು. ಗಾಳಿ ಊದುವ ಪಂಪಿನ ಪೈಪನ್ನು ಅಲ್ಲಿ ಮೊಳದಾಳಕ್ಕೆ ಕಟ್ಟಿ, ಕಿಂಡಿ ಮುಚ್ಚದಂತೆ ದಿನಕ್ಕೆ ಸ್ವಲ್ಪ ಹೊತ್ತು ಊದಿಸುತ್ತಿದ್ದರು. ಮೀಟರಿನ ತಂತಿ ಅಲ್ಲಿಂದ ಇಳಿಬಿಟ್ಟರೆ ತಳದಲ್ಲಿ ನಾಲ್ಕು ಡಿಗ್ರಿ.

ಒಂದು ಬೆಳಿಗ್ಗೆ ಕಾವಲಿನ ಚಾಚಾ ಸಲಾಕೆಯಿಂದ ಕುಟ್ಟಿ ನೋಡಿ, ಗಡ್ಡೆ ಒಂದು ಗೇಣು ದಪ್ಪವಾಗಿದೆ ಎಂದು ಬೆರಳು ಅಗಲಿಸಿ ತೋರಿಸಿದರು. ಮೇಲೆಯೇ ಇಷ್ಟಾದರೆ ತಳದಲ್ಲಿ ಎಷ್ಟಿರಬೇಡ? ತುಪ್ಪ ಅರ್ಧ ಕರಗಿದಾಗ ಗಟ್ಟಿ ಕೂರುವುದು ತಳದಲ್ಲಿ. ಕೊಬ್ಬರಿ ಎಣ್ಣೆಯೂ ಹಾಗೇ. ಮಗಳು ನಿದ್ದೆಯಲ್ಲಿದ್ದಳು. ಕಾಗದದ ಮಿಲ್ಲಿನಲ್ಲಿ ದುಡಿದ ಇವರಿಗೆ ಫೋನು ಮಾಡಿದೆ.

"ಮಿಲ್‌ನಲ್ಲಿ ಪಲ್ಪ್ ತೊಟ್ಟೀನ ಒಂದು ಗಳಿಗೆ ಕಲಕದೆ ಬಿಟ್ಟಿದ್ರೆ ತಳ ಹಿಡಿಯೋದು ಮಾರಾಯ್ತಿ. ಪೈಪ್ ಕೆಳಗಿಳಿಸು, ಅಡಿಯಿಂದ ಕಲಕ್ಲಿ" ಎಂದರು.

ಪೈಪಿಗೆ ಕಲ್ಲು ಕಟ್ಟಿ ತಳಕ್ಕೆ ಬಿಟ್ಟು ಪಂಪು ಹಾಕಿದೆ. ಬುಳುಬುಳು ಎಂದು ಗುಳ್ಳೆ ಬಂದು ಕಿಂಡಿ ಅಗಲವಾಗತೊಡಗಿತು. ಗಡ್ಡೆ ಕರಗುವುದನ್ನು ಕಂಡು, ದೇವರೇ ಬುದ್ಧಿ ಕೊಟ್ಟ ಎಂದುಕೊಂಡು ಒಳಗೆ ಬಂದು ಉಪ್ಪಿಟ್ಟಿಗೆ ರವೆ ಹುರಿದೆ.

ಮಧ್ಯಾಹ್ನ ತಂತಿ ಇಳಿಬಿಟ್ಟೆ. ಕಿಟಕಿಯಿಂದ ಮಗಳು, "ಎಷ್ಟಮ್ಮಾ?" ಎಂದಳು.

"ಒಂದೂವರೆ."

"ಸರಿಯಾಗಿ ನೋಡೇ ಅಮ್ಮ!"

"ಒಂದೂವರೆನೇ ಕಣೇ. ಪಂಪ್ ಬೇರೆ ಹಾಕಿದೀನಿ, ಕೆಳಗಡೆ ಗಟ್ಟಿ ಆಗದಿರ್ಲಿ ಅಂತ."

"ತಳಕ್ಕೆ ಬಿಟ್ಯಾ? ಆಫ್ ಮಾಡು! ಮೊದ್ಲು ಆಫ್ ಮಾಡು!" ಊರುಗೋಲು ಬಿದ್ದ ಸದ್ದು ಕೇಳಿತು.

ಸ್ವಿಚ್ಚು ಆರಿಸಿ ಬಂದಾಗ ಅವಳು ಗೋಡೆ ಹಿಡಿದು ನಿಂತಿದ್ದಳು.

"ನೀರು ತುಪ್ಪ ಅಲ್ಲಮ್ಮ. ತಣ್ಣಗಾದಷ್ಟೂ ಭಾರ ಆಗಿ ಇಳಿಯುತ್ತೆ, ಆದ್ರೆ ನಾಲ್ಕು ಡಿಗ್ರಿ ತನಕ ಮಾತ್ರ. ಇನ್ನೂ ತಣ್ಣಗಾದ್ರೆ ಹಗುರ ಆಗಿ ಮೇಲೇ ನಿಲ್ಲುತ್ತೆ, ಮೇಲೇ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟುವಾಗ ಅದರ ಕಣಗಳು ಕೈ ಚಾಚಿ ಹಿಡ್ಕೊಂಡು ದೂರ ದೂರ ನಿಲ್ತವೆ. ಅದಕ್ಕೇ ಜಾಗ ಜಾಸ್ತಿ ಬೇಕು, ಅದಕ್ಕೇ ತೇಲೋದು. ನಮ್ಮ ಫ್ರೀಜರ್‌ನಲ್ಲಿ ಗಾಜಿನ ಬಾಟ್ಲಿ ಒಡೀಲಿಲ್ವಾ?"

"ಹೂಂ, ನಿಮ್ಮಪ್ಪ ಇಟ್ಟಿದ್ದು."

"ಆ ಗಡ್ಡೆ ಮೀನಿಗೆ ಹೊದಿಕೆ. ಹೊರಗಿನ ಚಳೀನ ತಡೆಯುತ್ತೆ. ತಳದ ಬೆಚ್ಚಗಿನ ನೀರಲ್ಲಿ ಅವು ಅಲ್ಲಾಡದೆ ಇರ್ತವೆ. ನೀನು ಆ ಬೆಚ್ಚಗಿನ ನೀರನ್ನ ಮೇಲಕ್ಕೆ ತಂದು, ಮೇಲಿನ ಕೊರೆಯೋ ನೀರನ್ನ ಅವುಗಳ ಮೇಲೆ ಸುರಿದೆ."

ಗಡ್ಡೆ ಕರಗಿದ್ದು ಮೀನುಗಳಿಂದ ಕದ್ದ ಬಿಸಿಯಿಂದ ಎಂದು ಆಗ ತಿಳಿಯಿತು.

"ಬಿಸಿನೀರು ಹಾಕ್ಲಾ?" ಎಂದೆ.

"ಬೇಡ! ಏನೂ ಮಾಡಬೇಡ. ನೋಡ್ತಾ ಇರು, ಅಷ್ಟೆ."

ಏನೂ ಮಾಡದೆ ಇರುವುದು ನನಗೆ ಗೊತ್ತಿಲ್ಲದ ಕೆಲಸ. ಅರ್ಧ ಗಂಟೆಗೊಮ್ಮೆ ತಂತಿ ಬಿಟ್ಟೆ. ಒಂದೂವರೆ. ಒಂದೂವರೆ. ಬಾಯಲ್ಲಿ ದೇವರ ನಾಮ, ಕಣ್ಣು ಮೀಟರಿನ ಮೇಲೆ. ಬಿಸಿಲು ಇಳಿಯುವಷ್ಟರಲ್ಲಿ ಒಂದು ಮೀನು ಮಗ್ಗುಲಾಗಿ ಕಿಂಡಿಗೆ ಬಂತು. ಸತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಗಳಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತು ನನ್ನ ಕೈಯಡುಗೆ ಮುಟ್ಟಲಿಲ್ಲ.

ಬೆಳಿಗ್ಗೆ ಕಿಂಡಿಯ ಮೇಲೆ ತೆಳುವಾಗಿ ಗಡ್ಡೆ ಕೂಡಿತ್ತು. ಚಾಚಾ ಅದನ್ನು ಮೆಲ್ಲಗೆ ಬಿಡಿಸಿದರು. ಹೊಸದಾಗಿ ಯಾವುದೂ ತೇಲಿರಲಿಲ್ಲ. ಟಾರ್ಚು ಹಾಕಿದಾಗ ತಳದಲ್ಲಿ ಸಾಲಾಗಿ ಕಪ್ಪು ಬೆನ್ನುಗಳು. ಒಂದರ ರೆಕ್ಕೆ ಅಲ್ಲಾಡಿತು, ಆಮೇಲೆ ಪಕ್ಕದ್ದು. ಮೀಟರಿನಲ್ಲಿ ಒಂದೂ ಮುಕ್ಕಾಲು.

"ಮುಕ್ಕಾಲು ಕಣೇ! ಒಂದೂ ಮುಕ್ಕಾಲು!" ಎಂದು ಕಿಟಕಿಗೆ ಕೂಗಿದೆ.

"ತಳದ ಮಣ್ಣಲ್ಲಿ ಬೇಸಿಗೆ ಬಿಸಿ ಉಳಿದಿರುತ್ತಮ್ಮ. ನಿಧಾನಕ್ಕೆ ಕೊಡುತ್ತೆ" ಎಂದಳು. "ಉಪ್ಪಿಟ್ಟು ಉಳಿದಿದ್ರೆ ಬಿಸಿ ಮಾಡು."

ಕಾಲುಕಾಲು ಡಿಗ್ರಿಗೂ ಒಂದೊಂದು ನಮಸ್ಕಾರ ಹಾಕಿದೆ. ನಾಲ್ಕರ ಹತ್ತಿರ ಬರಲು ಎಷ್ಟೋ ದಿನ ಹಿಡಿಯಿತು. ಸತ್ತ ಎರಡನ್ನು ಮರೆತಿಲ್ಲ.

ಆಮೇಲೆ ಹಿಮ ಬಿದ್ದಾಗ ಮಗಳು ನನಗೊಂದು ಕೆಲಸ ಕೊಟ್ಟಳು. ಗಡ್ಡೆಯ ಮೇಲಿನ ಹಿಮ ಗುಡಿಸಿದರೆ ಬೆಳಕು ಒಳಗಿಳಿದು, ನೀರಿನ ಪಾಚಿ ಮೀನುಗಳಿಗೆ ಉಸಿರು ಮಾಡಿಕೊಡುತ್ತದಂತೆ. ಚಾಚಾ ದಪ್ಪ ನೋಡಿ ಹೂಂ ಎಂದ ಜಾಗದಲ್ಲಿ ಮಾತ್ರ ದಿನಾ ಪೊರಕೆ ಹಿಡಿದೆ. ನಮ್ಮ ಬಾಗಿಲ ಮುಂದೆ ಗುಡಿಸುವಂತೆಯೇ. ಗುಡಿಸಿ ಮುಗಿದ ಮೇಲೆ ಬೆರಳು ತಾನಾಗಿ ರಂಗೋಲಿ ಪುಡಿ ಹುಡುಕುತ್ತಿತ್ತು. ಬೆಳಕಿಗೆ ಅಡ್ಡ ಬಂದೀತೆಂದು ಸುಮ್ಮನಾಗುತ್ತಿದ್ದೆ.