ಬಾಲವಿದ್ದ ಒಂದೇ ಒಂದು ಫೋಟೊ

ತುಮಕೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟವರು ಬಹಳ ಜನ ಇದ್ದಾರೆ. ಆದರೆ ಫೈಲಿನ ಹೆಸರನ್ನು ಹಿಂದಿನಿಂದ ಓದುವವನು ನಾನೊಬ್ಬನೇ. ಗಿರಾಕಿ ಪೆನ್‌ಡ್ರೈವ್ ಚುಚ್ಚಿದರೂ, ವಾಟ್ಸಾಪಿನಲ್ಲಿ ಕಳಿಸಿದರೂ ನಾನು ಮೊದಲು ನೋಡುವುದು ಹೆಸರಿನ ಕೊನೆಯ ಚುಕ್ಕಿಯ ನಂತರ ಏನಿದೆ ಎಂದು. ಅದಕ್ಕೆ ನಾನಿಟ್ಟ ಹೆಸರು ಬಾಲ. ಬಾಲ ನೋಡಿದರೆ ಪ್ರಾಣಿ ಯಾವುದೆಂದು ಗೊತ್ತಾಗುತ್ತದೆ. ನನ್ನ ಕಂಪ್ಯೂಟರಿಗೆ ಇದುವರೆಗೂ ಒಂದು ವೈರಸ್ಸೂ ಬಂದಿಲ್ಲ. ಜಂಬ ಅನ್ನಿ, ಬೇಜಾರಿಲ್ಲ.

ಒಮ್ಮೆ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನೊಬ್ಬ ಬಂದು ಮೊಬೈಲ್ ಚಾಚಿದ.

"ಯಜಮಾನ್ರೇ, ಯಾರೋ ಗೃಹಪ್ರವೇಶದ ಕಾರ್ಡ್ ಕಳ್ಸವ್ರೆ. ಓಪನ್ ಆಯ್ತಾ ಇಲ್ಲ. ಒಂದ್ ಪ್ರಿಂಟ್ ಕೊಡಿ."

ನೋಡಿದರೆ ಹೆಸರಿನ ಕೊನೆಯಲ್ಲಿ ಎಪಿಕೆ. ಅದು ಕಾರ್ಡಲ್ಲ, ಮೊಬೈಲಿಗೆ ಹಾಕುವ ಆ್ಯಪ್. ಒತ್ತಿದರೆ ಇನ್‌ಸ್ಟಾಲ್ ಮಾಡಲೇ ಎಂದು ಕೇಳುತ್ತದೆ, ಆಮೇಲೆ ಮೆಸೇಜ್ ಓದಲು ಪರ್ಮಿಷನ್ ಕೇಳುತ್ತದೆ, ಆಮೇಲೆ ಬ್ಯಾಂಕಿನ ಓಟಿಪಿ ಯಾರದೋ ಪಾಲು.

"ಕಾರ್ಡು ಇನ್‌ಸ್ಟಾಲ್ ಆಗ್ಬೇಕು ಅಂತಾರಲ್ಲ, ಊಟಕ್ಕೆ ಹೋದ್ರೆ ಪಾಸ್‌ವರ್ಡ್ ಕೇಳ್ತಾರೇನಪ್ಪ?" ಎಂದು ಅದನ್ನು ಅಳಿಸಿ ಕಳಿಸಿದೆ.

ಈ ಕಥೆಯನ್ನು ಗುಬ್ಬಿಯ ನನ್ನ ಗೆಳೆಯನಿಗೆ ಬೇಕಾದಷ್ಟು ಸಲ ಹೇಳಿದ್ದೇನೆ. ಅವನದು ಫೋಟೊ ಸ್ಟುಡಿಯೊ. ಅವನು ಮದುವೆಯ ಫೋಟೊ ತೆಗೆಯುತ್ತಾನೆ, ನಾನು ಮದುವೆಯ ಕಾರ್ಡು ಮುದ್ರಿಸುತ್ತೇನೆ. ಹೀಗೆ ಶುರುವಾದ ಸ್ನೇಹ ಬೈಗುಳದ ಮೇಲೆ ಬೆಳೆಯಿತು. ಅವನು ಫೈಲಿನ ಹೆಸರು ಓದುವವನೇ ಅಲ್ಲ. ಪರದೆಯ ತುಂಬ ದೊಡ್ಡ ದೊಡ್ಡ ಚಿತ್ರ ಹರಡಿಕೊಂಡು, ಮುಖ ನೋಡಿಯೇ ಫೋಟೊ ಆರಿಸುತ್ತಾನೆ.

"ಬಾಲ ನೋಡ್ಲಾ," ಎಂದರೆ, "ನಾನು ಮುಖ ನೋಡೋನು, ನೀನು ಬಾಲ ನೋಡೋನು. ಅದುಕ್ಕೇ ನಿನ್ನ ಬುದ್ಧಿ ಹಂಗದೆ," ಎನ್ನುತ್ತಿದ್ದ.

ಅವನ ಹೆಂಡತಿ ಬದುಕಿದ್ದಾಗ ಸ್ಟುಡಿಯೊದಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಬರುವ ಮೊದಲು ಆಕೆ ಹಿಂದಿನ ಮನೆಯಿಂದ ಬಂದು ಫೋಟೊ ತೆಗೆಯುವ ಬಟ್ಟೆಯ ಪರದೆಯ ಮುಂದೆ ನಿಲ್ಲಬೇಕು. ಇವನು ಲೈಟು ಸರಿಮಾಡಿ ಒಂದು ಫೋಟೊ ಹೊಡೆದು ನೋಡಬೇಕು. ಕೈಯಲ್ಲಿ ಸೌಟು, ಹೆಗಲ ಮೇಲೆ ಒರೆಸುವ ಬಟ್ಟೆ, ಕೆಲವೊಮ್ಮೆ ಬಾಯಲ್ಲಿ ಅರ್ಧ ದೋಸೆ, ಹಾಗೆಯೇ ನಿಲ್ಲುತ್ತಿದ್ದಳು. ಸುಮ್ಮನೆ ಮೊಬೈಲ್ ಎತ್ತಿದರೆ ಮುಖಕ್ಕೆ ಸೆರಗು ಅಡ್ಡ ಹಿಡಿಯುವವಳು ಲೈಟಿಗೆ ಮಾತ್ರ ನಿಲ್ಲುತ್ತಿದ್ದಳು, ಏಕೆಂದರೆ ಅದು ಅಂಗಡಿಯ ಕೆಲಸ. ಮದುವೆಯ ಆಲ್ಬಮ್ ಬಿಟ್ಟರೆ ಆಕೆಯ ಮುಖ ಇದ್ದದ್ದು ಈ ಲೈಟಿನ ಫೋಟೊಗಳಲ್ಲಷ್ಟೇ. ಅವನು ಒಂದನ್ನೂ ಅಳಿಸಿರಲಿಲ್ಲ.

ಆಕೆ ಹೋಗಿ ವರ್ಷವಾಗುತ್ತ ಬಂತು. ವರ್ಷಾಬ್ದಿಕಕ್ಕೆ ಆ ಫೋಟೊಗಳದೇ ಒಂದು ಆಲ್ಬಮ್ ಮಾಡಬೇಕು, ಮುದ್ರಣ ನನ್ನದು ಎಂದು ಮಾತಾಯಿತು. ಅವನು ಹಳೆಯ ಡಿಸ್ಕುಗಳನ್ನೆಲ್ಲ ತೆಗೆದು, ಮೂಲದ್ದನ್ನೂ ಅದರ ಕಾಪಿಯನ್ನೂ ಒಂದೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಹುಡುಕುತ್ತ ಕುಳಿತ. ದಿನಾ ಫೋನು. "ಇವತ್ತು ಒಂದ್ ಸಿಕ್ತು ಕಣ್ಲಾ, ಬೈತಾ ಅವ್ಳೆ, ಬಾಯಿ ತೆರ್ದದೆ."

ಅದೇ ಹೊತ್ತಿಗೆ ಕುಣಿಗಲ್ಲಿನ ಒಂದು ಮದುವೆಯ ಆಲ್ಬಮ್ ಕೆಲಸವೂ ನಡೆದಿತ್ತು. ನೆಂಟರು ತಮ್ಮ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಕಳಿಸಿ, ಇವನ್ನೂ ಸೇರಿಸಿ ಎನ್ನುವುದು ಈಗಿನ ರೂಢಿ. ಹಾಗೆಯೇ ಒಂದು ಮೇಲ್ ಬಂತು. ಮದುವೆಯ ಫೋಟೊ, ಆಲ್ಬಮ್ಮಿಗೆ ಸೇರಿಸಿ ಎಂದು ಒಂದು ಲಿಂಕು. ಅವನು ಡೌನ್‌ಲೋಡ್ ಮಾಡಿ, ಜಿಪ್ ಫೈಲಿನ ಗಂಟು ಬಿಚ್ಚಿ, ಒಂದೊಂದೇ ಫೋಟೊ ಒತ್ತಿದ.

ಮಧ್ಯಾಹ್ನ ನನಗೆ ಫೋನು ಬಂತು.

"ಒಂದ್ ಫೋಟೊ ಓಪನ್ ಆಯ್ತಾ ಇಲ್ಲ ಕಣೋ. ಏನೋ ಪರ್ಮಿಷನ್ ಕೇಳ್ತು, ಯೆಸ್ ಅಂದೆ. ಏನೂ ಬರ್ಲಿಲ್ಲ. ಉಂಡ್ಕೊಂಡ್ ಬಂದೆ. ಈಗ ಇವಳ ಫೋಟೊ ಎಲ್ಲ ಬೆಳ್ಳಗೆ ಆಯ್ತಾ ಅವೆ."

ಫೋಟೊ ಯಾವತ್ತೂ ಪರ್ಮಿಷನ್ ಕೇಳುವುದಿಲ್ಲ.

"ಆ ಕುಣಿಗಲ್ ಫೋಟೊಗಳ ಹೆಸ್ರು ಓದು."

"ಐಎಂಜಿ ಹನ್ನೊಂದು. ಐಎಂಜಿ ಹನ್ನೆರಡು. ಐಎಂಜಿ ಹದ್ಮೂರು ಚುಕ್ಕಿ ಜೆಪಿಜಿ. ಐಎಂಜಿ..."

"ನಿಲ್ಸು. ಬೇರೆವ್ಕೆ ಜೆಪಿಜಿ ಅಂತ ಇಲ್ವಾ?"

"ಇಲ್ಲ. ಅದೊಂದ್ಕೇ ಐತೆ."

ವಿಂಡೋಸ್ ತನಗೆ ಗೊತ್ತಿರುವ ಬಾಲಗಳನ್ನು ಮುಚ್ಚಿಟ್ಟು ತೋರಿಸುತ್ತದೆ. ನಾವೇ ಸೆಟ್ಟಿಂಗ್ ಬದಲಾಯಿಸದಿದ್ದರೆ ನಿಜವಾದ ಫೋಟೊಗೆ ಜೆಪಿಜಿ ಎಂದು ಕಾಣುವುದೇ ಇಲ್ಲ. ಒಂದಕ್ಕೆ ಮಾತ್ರ ಕಂಡಿತೆಂದರೆ, ಆ ಜೆಪಿಜಿ ಬರಿಯ ಹೆಸರಿನ ಭಾಗ. ಅದರ ಹಿಂದೆ ಇನ್ನೊಂದು ಬಾಲ ಅಡಗಿದೆ. ಅದು ಇಎಕ್ಸ್‌ಇ, ಓಡುವ ಪ್ರೋಗ್ರಾಮು. ಮೇಲೆ ಫೋಟೊದ ಚಿತ್ರ ಅಂಟಿಸಿಕೊಂಡಿತ್ತು. ಮುಖ ನೋಡುವವನಿಗೆ ಮುಖವನ್ನೇ ತೋರಿಸಿತು.

"ಡಿಸ್ಕಿನ ವೈರ್ ಕೀಳು. ಎರಡೂ ಕೀಳು. ನೆಟ್ಟಿಂದೂ ಕೀಳು. ಈಗ್ಲೇ."

ನಾನು ಅವನಿಗೆ ಮಾಡದ ಕೀಟಲೆಯಿಲ್ಲ. ಕಂಪ್ಯೂಟರಿಗೆ ನೆಗಡಿಯಾಗಿದೆ ಎಂದು ಅದಕ್ಕೆ ವಿಕ್ಸ್ ಹಚ್ಚಿಸಿದ್ದೇನೆ. ಆದರೂ ಅವನು ಒಂದು ಮಾತು ಕೇಳದೆ ಕಿತ್ತ. ಆಮೇಲೆ ಸಣ್ಣಗೆ ಹೇಳಿದ. "ನಿನ್ ದನಿಯಾಗೆ ನಗು ಇಲ್ಲ ಕಣೋ. ಹೋದ್ವಾ?"

ಸಿಕ್ಕಿದ ಬಸ್ ಹತ್ತಿ ಗುಬ್ಬಿಗೆ ಹೋದೆ. ಹೋಗಿದ್ದವು. ಪ್ರತಿಯೊಂದು ಫೋಟೊದ ಹೆಸರಿಗೂ ಅರ್ಥವಿಲ್ಲದ ಹೊಸದೊಂದು ಬಾಲ ಬಂದಿತ್ತು. ಫೈಲುಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬಿಡಿಸುತ್ತೇವೆ ಎಂಬ ಚೀಟಿ ಪರದೆಯ ಮೇಲೆ. ಡಿಸ್ಕುಗಳ ಕೊನೆಯಲ್ಲಿ ಒಂದಿಷ್ಟು ಉಳಿದಿತ್ತು, ಎಲ್ಲ ಯಾರದೋ ನಾಮಕರಣ, ಯಾರದೋ ಆರತಕ್ಷತೆ. ಕುಣಿಗಲ್ಲಿನವರಿಗೆ ಫೋನ್ ಮಾಡಿದರೆ, ನಾವು ಮೇಲ್ ಕಳಿಸಲೇ ಇಲ್ಲ ಎಂದರು. ಡಿಸ್ಕುಗಳನ್ನು ತುಮಕೂರಿಗೆ ತಂದು ರಿಪೇರಿಯವನಿಗೆ ತೋರಿಸಿದೆ. ಈ ಬೀಗಕ್ಕೆ ಇನ್ನೂ ಯಾರೂ ಕೀಲಿ ಕಂಡುಹಿಡಿದಿಲ್ಲ, ದುಡ್ಡು ಕೊಟ್ಟರೂ ನಂಬಿಕೆಯಿಲ್ಲ, ಇಟ್ಟುಕೊಂಡು ಕಾಯಿರಿ ಎಂದ.

ಗೆಳೆಯ ಅಳಲಿಲ್ಲ. "ಅಷ್ಟೂ ಅವೆ. ತೆಗೀಯಾಕೆ ಆಗಕಿಲ್ಲ ಅಷ್ಟೇ," ಎಂದು ಡಿಸ್ಕುಗಳನ್ನು ಆಕೆಯ ಸೀರೆಯಲ್ಲಿ ಸುತ್ತಿ ಬೀರುವಿಗೆ ಇಟ್ಟ.

ನನ್ನ ಹತ್ತಿರ ಒಂದು ಉಳಿದಿತ್ತು. ಹಿಂದೊಮ್ಮೆ ಚುನಾವಣೆಯ ಗದ್ದಲದಲ್ಲಿ ಅವನಿಂದ ಆಕೆಯ ಒಂದು ಲೈಟಿನ ಫೋಟೊ ತರಿಸಿಕೊಂಡು ಕೀಟಲೆಗೆ ಒಂದು ಕರಪತ್ರ ಮಾಡಿದ್ದೆ. 'ನಿಮ್ಮ ಮತ ನಿಮ್ಮ ಅಕ್ಕನಿಗೆ, ಗುರುತು ಲಟ್ಟಣಿಗೆ.' ಅದನ್ನು ಸ್ಟುಡಿಯೊದ ಗಾಜಿಗೆ ಅಂಟಿಸಿದ ದಿನ ಆಕೆ ಆ ಗುರುತನ್ನೇ ಕೈಯಲ್ಲಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನನ್ನನ್ನು ಅಟ್ಟಿಸಿಕೊಂಡು ಬಂದಿದ್ದಳು. "ನಿಂತ್ಕಳಣ್ಣಾ, ಓಟ್ ಹಾಕ್ತೀನಿ," ಎನ್ನುತ್ತ.

ಮೂಲ ಫೋಟೊ ನಾನು ಇಟ್ಟಿರಲಿಲ್ಲ. ಕರಪತ್ರ ಇತ್ತು. ಅದನ್ನೇ ತೆಗೆದುಕೊಂಡು ಹೋಗಿ ಅವನ ಮುಂದಿಟ್ಟೆ. ನಾನು ಸೇರಿಸಿದ್ದ ಲಟ್ಟಣಿಗೆ ಚಿತ್ರದ ತುದಿ ಆಕೆಯ ಭುಜದ ಮೇಲೆ ಬಂದಿತ್ತು.

"ಲಟ್ಟಣಿಗೆ ತೆಗ್ದು ದೊಡ್ಡದು ಮಾಡ್ಕೊಡ್ಲಾ?" ಎಂದೆ.

"ಬ್ಯಾಡ, ಇರ್ಲಿ ಬುಡು. ಕೈಯಾಗೆ ಏನಾರಾ ಇರೋದು ಅವ್ಳಿಗೆ."

ವರ್ಷಾಬ್ದಿಕದ ದಿನ ಆ ಕರಪತ್ರಕ್ಕೇ ಕಟ್ಟು ಹಾಕಿಸಿ ಹಾರ ಹಾಕಿದೆವು. ಬಂದವರು ನಗಬೇಕೋ ಬೇಡವೋ ತಿಳಿಯದೆ ನಿಂತರು. ನಾನೂ ನಗಲಿಲ್ಲ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವನು ಫೋಟೊದ ಹತ್ತಿರ ಹೋಗಿ, ಬೆಳ್ಳಗೆ ಸುಟ್ಟಂತಿದ್ದ ಆಕೆಯ ಎಡಗೆನ್ನೆಯ ಮೇಲೆ ಬೆರಳಿಟ್ಟ.

"ಅವತ್ತು ಈ ಕಡೆ ಲೈಟ್ ಜಾಸ್ತಿ ಆಗಿತ್ತು ಕಣೋ. ಇನ್ನೊಂದ್ ಹೊಡೀತೀನಿ ನಿಂತ್ಕೊ ಅಂದೆ. ಒಲೆ ಮೇಲೆ ಸಾರೈತೆ ಅಂತ ಹೊಂಟೋದ್ಲು."